ಸೆಕೆಂಡುಗಳನ್ನು ದಿನವಾಗಿ ಕಟ್ಟಬಾರದು

ಒಂದು ಚಲನಚಿತ್ರದ ಅವಧಿ ಎಷ್ಟೆಂದು ಗಣಕಯಂತ್ರವನ್ನು ಕೇಳಿದರೆ ಅದು ಬಹುಮಟ್ಟಿಗೆ ಸೆಕೆಂಡುಗಳಲ್ಲಿಯೇ ಉತ್ತರ ಕೊಡುತ್ತದೆ: 5025. ಒಳಗಿನ ಲೆಕ್ಕಕ್ಕೆ ಇಷ್ಟು ಸಾಕು. ಆದರೆ ಒಂದು ಗಣಕವು ಇನ್ನೊಂದಕ್ಕೆ ಕಾಲಕಾಲಕ್ಕೆ ಕಳುಹಿಸುವ ಪಟ್ಟಿಯಲ್ಲಿ, ಅಂದರೆ ಫೀಡಿನಲ್ಲಿ, ಈ ಸಂಖ್ಯೆ ಒಂಟಿಯಾಗಿ ನಿಂತರೆ ಅದು ಸೆಕೆಂಡೋ ಮಿಲಿಸೆಕೆಂಡೋ ಎಂಬುದನ್ನು ಪಡೆದವನು ಊಹಿಸಬೇಕಾಗುತ್ತದೆ. ಈ ಊಹೆಗೆ ಎಡೆಯಿಲ್ಲದಂತೆ ಮಾಡುವ ಬರಹವೊಂದನ್ನು 1988ರಲ್ಲಿ ಮೊದಲು ಪ್ರಕಟವಾದ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನಕವು ಒದಗಿಸಿದೆ. ಅದರಂತೆ ಮೇಲಿನ ಅವಧಿಯ ರೂಪ ಹೀಗೆ:

```
PT1H23M45S
```

ಮೊದಲ `P` ಇದು ಅವಧಿ ಎಂದು ಸಾರುತ್ತದೆ. `T` ಮುಂದಿನವು ಗಂಟೆ, ನಿಮಿಷ, ಸೆಕೆಂಡುಗಳೆಂದು ತಿಳಿಸುತ್ತದೆ. ಈ `T` ಅಲಂಕಾರಕ್ಕಾಗಿ ಬಂದುದಲ್ಲ. `PT5M` ಎಂದರೆ ಐದು ನಿಮಿಷ. `T` ಬಿಟ್ಟು `P5M` ಎಂದು ಬರೆದರೆ ಅದೇ ಐದು ತಿಂಗಳಾಗುತ್ತದೆ.

ಸೆಕೆಂಡುಗಳನ್ನು ಈ ರೂಪಕ್ಕೆ ತರುವ ಲೆಕ್ಕ ಶಾಲೆಯ ಭಾಗಾಕಾರಕ್ಕಿಂತ ಕಠಿನವಲ್ಲ. 5025ನ್ನು 3600ರಿಂದ ಭಾಗಿಸಿದರೆ 1 ಗಂಟೆ, ಉಳಿಕೆ 1425. ಅದನ್ನು 60ರಿಂದ ಭಾಗಿಸಿದರೆ 23 ನಿಮಿಷ, ಉಳಿಕೆ 45. ಆದರೂ ಇಲ್ಲಿ ಎರಡು ಕಡೆ ಎಡವುವುದುಂಟು. ಅವಧಿ 3599.6 ಸೆಕೆಂಡಾಗಿದ್ದು, ಪೂರ್ಣಾಂಕ ಬೇಕಾಗಿದೆಯೆಂದುಕೊಳ್ಳೋಣ. ಮೊದಲು ಭಾಗಿಸಿ, ಕೊನೆಯಲ್ಲಿ ಉಳಿದ 59.6ನ್ನು ಪೂರ್ಣಾಂಕಕ್ಕೆ ತಂದರೆ `PT59M60S` ಎಂಬ ವಿಕಾರ ರೂಪ ಹುಟ್ಟುತ್ತದೆ. ಮೊದಲೇ 3600 ಎಂದು ಮಾಡಿಕೊಂಡು ಆಮೇಲೆ ಭಾಗಿಸಿದರೆ `PT1H` ಎಂಬ ಸರಿಯಾದ ಉತ್ತರ ಬರುತ್ತದೆ. ಎರಡನೆಯದು ಸೊನ್ನೆಯ ತೊಡಕು. ಸೊನ್ನೆಯಾದ ಭಾಗಗಳನ್ನೆಲ್ಲ ಬಿಡುವ ಕ್ರಮವಿಧಿಯು ಸೊನ್ನೆ ಸೆಕೆಂಡಿಗೆ ಬರಿಯ `PT` ಎಂದು ಬರೆದುಬಿಡುತ್ತದೆ. ಅದು ಮಾನಕಕ್ಕೆ ಸಲ್ಲದು, `PT0S` ಎಂದಿರಬೇಕು.

ಇವು ತಿದ್ದಲು ಸುಲಭವಾದ ದೋಷಗಳು. ನಮ್ಮ ಆಕ್ಷೇಪಣೆ ಇರುವುದು, ದೋಷವೆಂದು ಹಲವರು ಒಪ್ಪದ ಇನ್ನೊಂದು ರೂಢಿಯ ಬಗೆಗೆ. 90,000 ಸೆಕೆಂಡುಗಳೆಂದರೆ 25 ಗಂಟೆ. ಇದನ್ನು `PT25H` ಎನ್ನದೆ, ಒಂದು ದಿನ ಒಂದು ಗಂಟೆ ಎಂದು `P1DT1H` ರೂಪದಲ್ಲಿ ಬರೆಯುವವರುಂಟು. ನೋಟಕ್ಕೆ ಎರಡೂ ಒಂದೇ. ಆದರೆ ದಿನವೆಂಬುದು ಎಲ್ಲೆಡೆಯೂ 24 ಗಂಟೆಯಲ್ಲ.

ಲಂಡನ್ನಿನ ಉದಾಹರಣೆಯನ್ನು ನೋಡೋಣ. ಅಲ್ಲಿ 2025ರ ಮಾರ್ಚ್ 30ರಂದು ಬೇಸಿಗೆಯ ವೇಳೆಗಾಗಿ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟರು. ಆ ದಿನ 23 ಗಂಟೆಗಳಷ್ಟೇ ಇದ್ದಿತು. ಮಾರ್ಚ್ 29ರ ನಡುಹಗಲು 12 ಗಂಟೆಗೆ 90,000 ಸೆಕೆಂಡುಗಳನ್ನು ಕೂಡಿಸಿದರೆ, ಮರುದಿನ ಅಲ್ಲಿಯ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆಯಾಗುತ್ತದೆ. ಅದಕ್ಕೆ ಬದಲು ಪಂಚಾಂಗದ ಒಂದು ದಿನವನ್ನು ಕೂಡಿಸಿ, ಆಮೇಲೆ ಒಂದು ಗಂಟೆಯನ್ನು ಸೇರಿಸಿದರೆ ಬರುವುದು 1 ಗಂಟೆ. ಗಡಿಯಾರ ಬದಲಿಸುವ ಪದ್ಧತಿ ಭಾರತದಲ್ಲಿ ಇಲ್ಲದಿರುವುದರಿಂದ, ಇಲ್ಲಿಯ ವೇಳೆಯಲ್ಲಿ ಎಷ್ಟು ಪರೀಕ್ಷಿಸಿದರೂ ಈ ವ್ಯತ್ಯಾಸ ಕಣ್ಣಿಗೆ ಬೀಳದು.

ಪಡೆದವರು ದಿನವನ್ನು 24 ಗಂಟೆಯೆಂದೇ ತಿಳಿಯಲಿ ಎಂಬ ಉತ್ತರ ಬರಬಹುದು. ಎಕ್ಸ್ಎಂಎಲ್ ಸ್ಕೀಮಾದ ದಿನ-ವೇಳೆ ಅವಧಿಯಲ್ಲಿ ಹಾಗೆಯೇ ತಿಳಿಯಲಾಗುತ್ತದೆ. ಆದರೆ ಕ್ಯಾಲೆಂಡರುಗಳ ವಿನಿಮಯಕ್ಕಾಗಿ ಇರುವ ಐಕ್ಯಾಲೆಂಡರ್ ಪದ್ಧತಿಯ 2009ರ ನಿಯಮವು ಪಂಚಾಂಗದ ದಿನವನ್ನೂ 24 ಗಂಟೆಗಳನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅಕ್ಷರಗಳು ಒಂದೇ, ಅರ್ಥ ಎರಡು. ತನ್ನ ಪಟ್ಟಿಯನ್ನು ಯಾರು ಯಾವ ಉಪಕರಣದಿಂದ ಓದುವರೆಂಬುದನ್ನು ಕಳುಹಿಸುವವನು ಮುಂದಾಗಿ ಹೇಳಬಲ್ಲನೆ?

ಆದುದರಿಂದ ನಾವು ಹೇಳುವುದಿಷ್ಟು: ಮೂಲ ಅಳತೆ ಸೆಕೆಂಡುಗಳಲ್ಲಿದ್ದರೆ ವಿಭಜನೆಯನ್ನು ಗಂಟೆಯಲ್ಲಿಯೇ ನಿಲ್ಲಿಸಬೇಕು. ಗಂಟೆಗಳು 24ನ್ನು ಮೀರಿದರೆ ಮಾನಕಕ್ಕೆ ಭಂಗವಿಲ್ಲ. ವಿಭಜನೆಯೇ ಬೇಡವೆನ್ನುವವರು `PT90000S` ಎಂದೇ ಬರೆಯಲಿ. ಓದುವ ಮನುಷ್ಯನಿಗೆ ಅದು ಹಿತವಲ್ಲದಿರಬಹುದು, ಯಂತ್ರಕ್ಕೆ ಅದರಲ್ಲಿ ಸಂದೇಹವಿಲ್ಲ. ಓದುವ ಕಡೆಯವರಾದರೋ `D` ಅಕ್ಷರವನ್ನು ಅರಿಯಲು ಸಿದ್ಧರಿರಲೇಬೇಕು. ಯೂಟ್ಯೂಬಿನ ಮಾಹಿತಿಯೂ ಒಂದು ದಿನಕ್ಕೆ ಕಡಮೆಯಿಲ್ಲದ ವೀಡಿಯೊಗಳಿಗೆ ಅದನ್ನು ಬಳಸುತ್ತದೆ.

ತಮ್ಮ ಕ್ರಮವಿಧಿಯನ್ನು ಪರೀಕ್ಷಿಸಬಯಸುವವರಿಗೆ ಮೂರು ಸಂಖ್ಯೆಗಳು ಸಾಕು: 0, 3599.6, 90000. ಪೂರ್ಣ ಸೆಕೆಂಡುಗಳ ಲೆಕ್ಕದಲ್ಲಿ ಉತ್ತರಗಳು `PT0S`, `PT1H`, `PT25H` ಎಂದು ಬಂದರೆ, ಆ ಫೀಡು ಕಳುಹಿಸಿದವನ ಲೆಕ್ಕವನ್ನೇ ಪಡೆದವನಿಗೆ ಮುಟ್ಟಿಸುತ್ತದೆ.