ಹದಿನಾಲ್ಕು ಸಾವಿರದ ಉಳಿತಾಯ

ಕಳೆದ ಭಾನುವಾರ ಬೆಳಿಗ್ಗೆ ಪಕ್ಕದ ಬೀದಿಯ ಮೇಷ್ಟ್ರು ಎರಡು ಹಾಳೆ ಹಿಡಿದುಕೊಂಡು ಬಂದರು. ದಾವಣಗೆರೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ಹೋದ ವರ್ಷ ನಿವೃತ್ತರಾದವರು. ಅವರಿಗೆ 61, ಮನೆಯವರಿಗೆ 57. ಇಬ್ಬರಿಗೂ ಸೇರಿಸಿ 5 ಲಕ್ಷದ ಆರೋಗ್ಯ ವಿಮೆ ಮಾಡಿಸೋಣವೆಂದು ಎರಡು ಕಂಪನಿಗಳಿಂದ ಕೊಟೇಶನ್ ತರಿಸಿದ್ದರು. ಒಂದರ ಪ್ರೀಮಿಯಂ ವರ್ಷಕ್ಕೆ 26,000 ರೂಪಾಯಿ, ಇನ್ನೊಂದರದು 40,000.

‘ಎರಡೂ 5 ಲಕ್ಷದ್ದೇ ಕಣ್ರೀ. ಸುಮ್ಮನೆ 14 ಸಾವಿರ ಯಾಕೆ ಜಾಸ್ತಿ ಕಟ್ಟಬೇಕು?’ ಎಂದರು.

ನಾನು ಉತ್ತರ ಹೇಳುವ ಬದಲು ಒಂದು ಬಿಲ್ ಕೇಳಿದೆ. ಅವರ ಭಾವಮೈದುನ ಬೆಂಗಳೂರಿನಲ್ಲಿ ಮಂಡಿಚಿಪ್ಪು ಬದಲಾಯಿಸಿಕೊಂಡಿದ್ದರು. ಆ ಬಿಲ್ಲಿನ ಫೋಟೊ ಮೇಷ್ಟ್ರ ಮೊಬೈಲಿನಲ್ಲೇ ಇತ್ತು. ವಿಮೆಯನ್ನು ವಿಮೆಯ ಜೊತೆ ಹೋಲಿಸುವುದಕ್ಕಿಂತ ಎರಡನ್ನೂ ಒಂದೇ ಬಿಲ್ಲಿನ ಮುಂದೆ ನಿಲ್ಲಿಸಿದರೆ ಯಾವುದು ಏನು ಎಂದು ಬೇಗ ಗೊತ್ತಾಗುತ್ತದೆ.

ಒಟ್ಟು ಬಿಲ್ 3,00,000. ದಿನಕ್ಕೆ 8,000ದ ರೂಮಿನಲ್ಲಿ ನಾಲ್ಕು ದಿನ, ಅದು 32,000. ಡಾಕ್ಟರ ಫೀಸು, ಆಪರೇಷನ್ ಥಿಯೇಟರು, ಅರಿವಳಿಕೆ, ನರ್ಸಿಂಗ್ ಎಲ್ಲ ಸೇರಿ 1,60,000. ಕೃತಕ ಮಂಡಿ, ಔಷಧಿ, ಪರೀಕ್ಷೆಗಳಿಗೆ 1,00,000. ಉಳಿದ 8,000 ನೋಂದಣಿ, ಫೈಲು ಇತ್ಯಾದಿ ವಿಮೆಗೆ ಸೇರದ ಬಾಬತ್ತು.

26,000ದ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ವಿಮಾ ಮೊತ್ತದ ಶೇ 1ರ ಮಿತಿ ಇತ್ತು. 5 ಲಕ್ಷಕ್ಕೆ ಶೇ 1 ಎಂದರೆ ದಿನಕ್ಕೆ 5,000. ‘ಅಷ್ಟೇ ತಾನೆ? 3,000ದಂತೆ ನಾಲ್ಕು ದಿನಕ್ಕೆ 12 ಸಾವಿರ ನಮ್ಮ ಕೈಯಿಂದ ಹೋಗುತ್ತೆ’ ಎಂದರು ಮೇಷ್ಟ್ರು. ಬಹಳ ಜನ ಎಡವುವುದು ಇಲ್ಲೇ. ಕಂಪನಿ ಕಡಿತ ಮಾಡುವುದು ರೂಮಿನ ಬಾಡಿಗೆಯಲ್ಲಿ ಮಾತ್ರವಲ್ಲ. ದೊಡ್ಡ ರೂಮು ಹಿಡಿದವರಿಗೆ ಆಸ್ಪತ್ರೆಗಳು ಡಾಕ್ಟರ ಫೀಸು, ಥಿಯೇಟರಿನ ಶುಲ್ಕವನ್ನೂ ಜಾಸ್ತಿ ಹಾಕುತ್ತವೆ. ಆದ್ದರಿಂದ ಮಿತಿ ಮೀರಿದ ರೂಮು ಹಿಡಿದರೆ ಆ ಶುಲ್ಕಗಳನ್ನೂ ಅದೇ ಅನುಪಾತದಲ್ಲಿ ಇಳಿಸಬಹುದು ಎಂಬ ಷರತ್ತು ಪಾಲಿಸಿಯಲ್ಲಿರುತ್ತದೆ. 8,000ದಲ್ಲಿ 5,000 ಎಂದರೆ ಶೇ 62.5. ಹಾಗಾಗಿ 1,60,000 ರೂಪಾಯಿ 1,00,000ಕ್ಕೆ ಇಳಿಯುತ್ತದೆ. ಔಷಧಿ, ಕೃತಕ ಮಂಡಿ, ಪರೀಕ್ಷೆಗಳಿಗೆ ಈ ಅನುಪಾತದ ಕತ್ತರಿ ಹಾಕುವಂತಿಲ್ಲ. ರೂಮಿಗೆ ತಕ್ಕಂತೆ ದರ ಬದಲಾಯಿಸದ ಆಸ್ಪತ್ರೆಗಳಲ್ಲೂ ಹಾಕುವಂತಿಲ್ಲ. ಅಂತೂ ಈ ಬಿಲ್ಲಿನಲ್ಲಿ ಕಂಪನಿ ಒಪ್ಪುವ ಮೊತ್ತ 20,000, 1,00,000 ಮತ್ತು 1,00,000 ಸೇರಿ 2,20,000.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಪಾಲಿಸಿಯಲ್ಲಿ ಶೇ 20ರ ಕೋ-ಪೇಮೆಂಟ್ ಇತ್ತು. ಒಪ್ಪಿದ ಮೊತ್ತದಲ್ಲೂ ಐದರಲ್ಲೊಂದು ಪಾಲು ನಮ್ಮದು ಎಂದರ್ಥ. ಅದೂ ಒಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ, ಪ್ರತಿ ಕ್ಲೇಮಿಗೂ ಕೊಡಬೇಕು. 2,20,000ದಲ್ಲಿ 44,000 ಹೋಗಿ ಕಂಪನಿ ಕೊಡುವುದು 1,76,000. ಮೂರು ಲಕ್ಷದ ಬಿಲ್ಲಿಗೆ ಮೇಷ್ಟ್ರ ಕೈಯಿಂದ 1,24,000.

ಈಗ 40,000ದ ಪಾಲಿಸಿ. ರೂಮಿಗೆ ಮಿತಿ ಇಲ್ಲ. ಮೊದಲ ಪುಟದಲ್ಲಿ ಕೋ-ಪೇಮೆಂಟಿನ ಸುದ್ದಿಯೂ ಇಲ್ಲ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ವಲಯ’ ಎಂಬ ಮಾತಿತ್ತು. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಚಿಕಿತ್ಸೆ ದುಬಾರಿಯಾದ ದೊಡ್ಡ ನಗರದವರಿಗೆ ಹೆಚ್ಚು, ನಮ್ಮಂಥ ಊರಿನವರಿಗೆ ಕಡಿಮೆ ಪ್ರೀಮಿಯಂ ಹಾಕುತ್ತವೆ. ಕಡಿಮೆ ಕಟ್ಟಿದವರು ದೊಡ್ಡ ನಗರಕ್ಕೆ ಹೋಗಿ ಚಿಕಿತ್ಸೆ ಪಡೆದರೆ ಒಂದು ಪಾಲು ಅವರೇ ಕೊಡಬೇಕು. ಈ ಪಾಲಿಸಿಯಲ್ಲಿ ಬೆಂಗಳೂರಿನ ಚಿಕಿತ್ಸೆಗೆ ಅದು ಶೇ 10. ವಿಮೆಗೆ ಸೇರದ 8,000 ಬಿಟ್ಟರೆ ಉಳಿಯುವುದು 2,92,000. ಅದರ ಹತ್ತನೇ ಒಂದು ಭಾಗ 29,200. ಎರಡೂ ಸೇರಿ ಕೈಯಿಂದ 37,200.

ಎರಡಕ್ಕೂ ಇರುವ ಅಂತರ 86,800. ವರ್ಷಕ್ಕೆ 14,000ದಂತೆ ಆರು ವರ್ಷ ಉಳಿಸಿದ್ದಕ್ಕಿಂತಲೂ ಹೆಚ್ಚು ಹಣ ನಾಲ್ಕು ದಿನದಲ್ಲಿ ಖರ್ಚಾಗುತ್ತದೆ. ‘ಹಾಗಾದ್ರೆ 40 ಸಾವಿರದ್ದೇ ಸರಿ’ ಎಂದು ಮೇಷ್ಟ್ರು ಹಾಳೆ ಮಡಚಿದರು.

ನಾನು ಬಿಡಲಿಲ್ಲ. ಇದು ಅಗ್ಗದ ಪಾಲಿಸಿಗೆ ಮಾಡುವ ಅನ್ಯಾಯ. ನಮ್ಮ ಪಾಲಿಸಿಯ ಮಿತಿ 5,000 ಎಂದು ಗೊತ್ತಿದ್ದರೆ ನಾವೇಕೆ 8,000ದ ರೂಮು ಹಿಡಿಯಬೇಕು? ಅದೇ ಆಸ್ಪತ್ರೆಯಲ್ಲಿ 5,000ದ ರೂಮು ಕೇಳಿದೆವೆನ್ನಿ. ನಾಲ್ಕು ದಿನಕ್ಕೆ 20,000. ರೂಮಿನ ದರ್ಜೆ ಇಳಿದಂತೆ ಡಾಕ್ಟರ ಫೀಸು ಮುಂತಾದವು 1,20,000ಕ್ಕೆ ಇಳಿದವು ಎಂದಿಟ್ಟುಕೊಳ್ಳೋಣ. ಔಷಧಿ, ಮಂಡಿಯ ಬಾಬತ್ತು 1,00,000, ಮೇಲೆ ಆ 8,000. ಬಿಲ್ 2,48,000. ಈಗ ಮೊದಲ ಪಾಲಿಸಿಯಲ್ಲಿ ಅನುಪಾತದ ಕತ್ತರಿ ಇಲ್ಲ. 2,40,000ಕ್ಕೆ ಶೇ 20, ಅಂದರೆ 48,000, ಮತ್ತು ಆ 8,000 ಸೇರಿ ಕೈಯಿಂದ 56,000. ಎರಡನೆಯದರಲ್ಲಿ ಇದೇ ಲೆಕ್ಕಕ್ಕೆ 32,000. ಅಂತರ ಬರೀ 24,000. ಎರಡು ವರ್ಷದ ಪ್ರೀಮಿಯಂ ಉಳಿತಾಯಕ್ಕೂ ಸಮವಿಲ್ಲ! ಚಿಕ್ಕ ರೂಮಿಗೆ ಒಪ್ಪುವವರಿಗೆ, ಆಸ್ಪತ್ರೆಯಲ್ಲಿ ಅದು ಖಾಲಿಯೂ ಇದ್ದರೆ, ಅಗ್ಗದ ಪಾಲಿಸಿ ಕೆಟ್ಟದ್ದೇನಲ್ಲ. ಖಾಲಿ ಇಲ್ಲದ ದಿನ ಮಾತ್ರ 56,000 ಮತ್ತೆ 1,24,000ದ ಕಡೆಗೆ ಏರುತ್ತದೆ.

ಮೇಷ್ಟ್ರು ಮಡಚಿದ ಹಾಳೆ ಮತ್ತೆ ಬಿಡಿಸಿದರು. ‘ಈಗ ಯಾವುದು ಅಂತೀರಿ?’

‘ಅಕ್ಕನವರ ಮಂಡಿ ಹೇಗಿದೆ?’ ಎಂದು ಕೇಳಿದೆ. ಅವರ ಮನೆಯವರಿಗೆ ಒಂದು ವರ್ಷದಿಂದ ಮಂಡಿಸವೆತ. ಇನ್ನೆರಡು ಮೂರು ವರ್ಷದಲ್ಲಿ ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅದನ್ನು ಅರ್ಜಿಯಲ್ಲಿ ಬರೆಯಲೇಬೇಕು. ಬರೆದರೆ ಪ್ರೀಮಿಯಂ ಸ್ವಲ್ಪ ಏರಬಹುದು, ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರವಾಗಬಹುದು. ಬರೆದ ಮೇಲೂ ಆ ಕಾಯಿಲೆಗೆ ಒಂದು ಕಾಯುವ ಅವಧಿ ಇರುತ್ತದೆ. ಅಷ್ಟು ಕಾಲ ಪ್ರೀಮಿಯಂ ಕಟ್ಟಿಸಿಕೊಂಡರೂ ಕಂಪನಿ ಆ ಕಾಯಿಲೆಗೆ ದುಡ್ಡು ಕೊಡುವುದಿಲ್ಲ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ, ಮೊದಲೇ ಇದ್ದ ಕಾಯಿಲೆಗಳ ಕಾಯುವ ಅವಧಿಯ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ಅದು ಗರಿಷ್ಠ ಮಿತಿ. ಕಂಪನಿ ಅದಕ್ಕಿಂತ ಕಡಿಮೆ ಇಡಬಹುದು. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥ ಕೆಲವು ಚಿಕಿತ್ಸೆಗಳಿಗೆ ಕಾಯಿಲೆ ಮೊದಲಿರಲಿ ಬಿಡಲಿ ಬೇರೆಯೇ ಒಂದು ಅವಧಿ ಇರುತ್ತದೆ. ಎರಡೂ ಅನ್ವಯಿಸಿದರೆ ಉದ್ದದ್ದನ್ನೇ ಹಿಡಿಯುತ್ತಾರೆ. ಮೇಷ್ಟ್ರ ಹಾಳೆಗಳಲ್ಲಿ 26,000ದ ಪಾಲಿಸಿಗೆ 36 ತಿಂಗಳು, 40,000ದ್ದಕ್ಕೆ 24 ತಿಂಗಳು ಎಂದಿತ್ತು.

ಈಗ ಗಣಿತ ಮೇಷ್ಟ್ರೇ ಪೆನ್ಸಿಲ್ ಹಿಡಿದರು. 5,000ದ ರೂಮಿನ ಬಿಲ್ಲನ್ನೇ ಇಟ್ಟುಕೊಂಡೆವು. 30ನೇ ತಿಂಗಳಲ್ಲಿ ಆಪರೇಷನ್ ಆಯಿತೆನ್ನಿ. ಅಷ್ಟರೊಳಗೆ ಮೂರು ಸಲ ಪ್ರೀಮಿಯಂ ಕಟ್ಟಿರುತ್ತಾರೆ. ಮೊದಲ ಪಾಲಿಸಿಗೆ 78,000 ಕಟ್ಟಿದರೂ ಕಂಪನಿ ಒಂದು ಪೈಸೆ ಕೊಡುವುದಿಲ್ಲ, ಬಿಲ್ 2,48,000 ಪೂರ್ತಿ ಕೈಯಿಂದಲೇ. ಒಟ್ಟು 3,26,000. ಎರಡನೆಯದಕ್ಕೆ ಪ್ರೀಮಿಯಂ 1,20,000, ಕೈಯಿಂದ 32,000. ಒಟ್ಟು 1,52,000.

ಅದೇ ಆಪರೇಷನ್ 37ನೇ ತಿಂಗಳಿಗೆ ಹೋದರೆ? ನಾಲ್ಕು ಪ್ರೀಮಿಯಂ ಆಗಿರುತ್ತದೆ, ಎರಡೂ ಪಾಲಿಸಿಗಳ ಕಾಯುವ ಅವಧಿ ಮುಗಿದಿರುತ್ತದೆ. ಮೊದಲನೆಯದು 1,04,000 ಮತ್ತು 56,000 ಸೇರಿ 1,60,000. ಎರಡನೆಯದು 1,60,000 ಮತ್ತು 32,000 ಸೇರಿ 1,92,000. ಈಗ ಅಗ್ಗದ್ದೇ 32,000 ಲಾಭ!

ಏಳು ತಿಂಗಳ ಅಂತರದಲ್ಲಿ ಉತ್ತರ ತಲೆಕೆಳಗಾಯಿತು. ಪ್ರೀಮಿಯಂ ಎಷ್ಟು ಎಂಬುದು ಕಂಪನಿ ಹೇಳುವ ಮಾತು. ಆ ಪ್ರೀಮಿಯಂ ಅಗ್ಗವೋ ದುಬಾರಿಯೋ ಎಂದು ಹೇಳಬೇಕಾದ್ದು ನಮ್ಮ ಮನೆಯ ಮಂಡಿ, ನಾವು ಹಿಡಿಯುವ ರೂಮು, ನಾವು ಓಡುವ ಊರು. ಕಾಯಿಲೆ ಏನೂ ಇಲ್ಲದ 30ರ ಹರೆಯದವರಿಗೆ 36 ತಿಂಗಳ ಷರತ್ತು ಅಷ್ಟಾಗಿ ತಟ್ಟದಿರಬಹುದು. ಈಗಾಗಲೇ ಪಾಲಿಸಿ ಇದ್ದು ಬೇರೆ ಕಂಪನಿಗೆ ಪೋರ್ಟ್ ಮಾಡುವವರಿಗೆ ಕಾದ ತಿಂಗಳುಗಳು ಜೊತೆಯಲ್ಲೇ ಬರುತ್ತವೆ, ಆದರೆ ಹಳೆಯ ವಿಮಾ ಮೊತ್ತದ ಮಟ್ಟಿಗೆ ಮಾತ್ರ. ಹೊಸದಾಗಿ ಏರಿಸಿದ ಮೊತ್ತಕ್ಕೆ ಮತ್ತೆ ಮೊದಲಿಂದ ಎಣಿಕೆ.

ಈ ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಏಜೆಂಟರ ಮಾತಿನಲ್ಲಿ ಸಿಗುವುದಿಲ್ಲ. ಪ್ರತಿ ಪಾಲಿಸಿಯ ಜೊತೆ ‘ಕಸ್ಟಮರ್ ಇನ್ಫರ್ಮೇಶನ್ ಶೀಟ್’ ಎಂಬ ಮಾಹಿತಿ ಪತ್ರ ಕೊಡಬೇಕೆಂಬ ನಿಯಮವಿದೆ. ಉಪಮಿತಿ, ಕೋ-ಪೇಮೆಂಟ್, ಕಾಯುವ ಅವಧಿ ಮೂರೂ ಅದರಲ್ಲಿ ಇರುತ್ತವೆ. ಕೇಳಿದರೆ ಕನ್ನಡದಲ್ಲೂ ಕೊಡಬೇಕು. ಪಾಲಿಸಿ ಕೈಗೆ ಬಂದ ಮೇಲೆ ಓದಿ, ಷರತ್ತು ಹಿಡಿಸದಿದ್ದರೆ ವಾಪಸು ಮಾಡಲು 30 ದಿನಗಳ ಕಾಲಾವಕಾಶವೂ ಇದೆ. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಶೇ 18 ತೆರಿಗೆ ಸೇರಿಸಿದ ಹಳೆಯ ಕೊಟೇಶನ್ ಪಕ್ಕ ಹೊಸದನ್ನಿಟ್ಟರೆ ಆ ಹೋಲಿಕೆಯೂ ತಪ್ಪುತ್ತದೆ.

ಮೇಷ್ಟ್ರು ಮನೆಯವರಿಗೆ ಫೋನ್ ಮಾಡಿ, ‘ಮೂರು ವರ್ಷ ತಡೀಬಹುದಾ ನಿನ್ನ ಮಂಡಿ?’ ಎಂದು ಕೇಳಿದರು. ಆ ಕಡೆಯಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಫೋನ್ ಇಟ್ಟ ಮೇಲೆ 26,000ದ ಹಾಳೆಯನ್ನು ಎರಡಾಗಿ ಹರಿದು, ಅದರ ಖಾಲಿ ಬೆನ್ನಿನ ಮೇಲೆ ‘24 ತಿಂಗಳು’ ಎಂದು ದಪ್ಪಕ್ಷರದಲ್ಲಿ ಬರೆದು ಜೇಬಿಗಿಟ್ಟುಕೊಂಡರು.