ಹರಕೆಯ ಮಕ್ಕಳು ಮತ್ತು ಒಂದು ಸೂಕ್ತ

ಸೋಲೂರಿನ ಮೇಲೆ ಹಾದುಹೋಗುವ ಹೆದ್ದಾರಿ ಕರಾವಳಿಗೆ ಇಳಿಯುತ್ತದೆ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ಹಿಜಾಬಿನ ಜಗಳ ಈ ಕಡೆಯ ಕಾಲೇಜುಗಳ ಮಾತಿಗೂ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಆಗಿನಿಂದ ಕುರ್‌ಆನಿನ ಎರಡನೇ ಅಧ್ಯಾಯದ 256ನೇ ಸೂಕ್ತ, ‘ಧರ್ಮದಲ್ಲಿ ಬಲವಂತವಿಲ್ಲ’ ಎಂಬುದು, ಕಂಡಕಂಡವರ ಬಾಯಿಗೆ ಬಿದ್ದಿದೆ. ಒಬ್ಬರು ಅದನ್ನು ಸೌಹಾರ್ದ ಸಭೆಯ ಬ್ಯಾನರಿಗೆ ಬರೆಸುತ್ತಾರೆ. ಇನ್ನೊಬ್ಬರು ಅದು ಎಂದೋ ರದ್ದಾದ ಮಾತು ಎಂದು ಭಾಷಣ ಬಿಗಿಯುತ್ತಾರೆ. ಆ ಮಾತು ಯಾರ ಮನೆಯ ಸಂಕಟಕ್ಕೆ ಉತ್ತರವಾಗಿ ಬಂತು ಎಂದು ಇಬ್ಬರೂ ಕೇಳುವುದಿಲ್ಲ. ಪತ್ರಿಕೆಯ ತಕರಾರು ಇರುವುದು ಅಲ್ಲೇ.

ಆ ಸಂಕಟದ ಕಥೆ ಅಬೂದಾವೂದರ ಹದೀಸ್ ಸಂಗ್ರಹದಲ್ಲಿ, ಇಬ್ನ್ ಅಬ್ಬಾಸರ ಹೆಸರಿನಲ್ಲಿ ಇದೆ. ಇಸ್ಲಾಮಿಗೆ ಮುಂಚೆ ಮದೀನಾದಲ್ಲಿ ಹುಟ್ಟಿದ ಮಕ್ಕಳು ಉಳಿಯದ ಹೆಂಗಸರು ಹರಕೆ ಹೊರುತ್ತಿದ್ದರು: ಈ ಕೂಸು ಬದುಕಿದರೆ ಯಹೂದಿಯಾಗಿ ಬೆಳೆಸುತ್ತೇನೆ ಎಂದು. ಮಕ್ಕಳು ದಕ್ಕದ ತಾಯಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದ ನಾಡಿನವರಿಗೆ ಆ ತಾಯಂದಿರನ್ನು ಯಾರೂ ಪರಿಚಯಿಸಬೇಕಾಗಿಲ್ಲ.

625ರಲ್ಲಿ ಬನೂ ನಝೀರ್ ಎಂಬ ಯಹೂದಿ ಕುಲವನ್ನು ಮದೀನಾದಿಂದ ಹೊರಡಿಸಿದಾಗ, ಹೊರಟವರ ನಡುವೆ ಈ ಹರಕೆಯ ಮಕ್ಕಳೂ ಇದ್ದರು. ಹೆತ್ತವರು ಈಗ ಮುಸ್ಲಿಮರು, ಅನ್ಸಾರರು. ನಮ್ಮ ಮಕ್ಕಳನ್ನು ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದರು. ಸೂಕ್ತ ಇಳಿದದ್ದು ಆಗ. ಸಯೀದ್ ಇಬ್ನ್ ಜುಬೈರರ ನಿರೂಪಣೆಯಲ್ಲಿ ಮುಂದಿನದೂ ಇದೆ: ಆಯ್ಕೆಯನ್ನು ಮಕ್ಕಳಿಗೇ ಬಿಡಲಾಯಿತು. ಹೋಗುವವರು ಹೋದರು, ಉಳಿಯುವವರು ಉಳಿದರು. ಇನ್ನೊಂದು ನಿರೂಪಣೆಯಲ್ಲಿ ಸಿರಿಯಾದ ಎಣ್ಣೆ ವ್ಯಾಪಾರಿಗಳ ಸಹವಾಸದಿಂದ ಕ್ರೈಸ್ತರಾದ ಇಬ್ಬರು ಗಂಡುಮಕ್ಕಳ ತಂದೆ ಬರುತ್ತಾನೆ. ಸಂದರ್ಭ ಬೇರೆ, ತಂದೆಯ ಬೇಡಿಕೆ ಅದೇ.

ರದ್ದಾಗಿದೆ ಎನ್ನುವವರು ಆ ಮಾತನ್ನು ಗಾಳಿಯಿಂದ ಹಿಡಿದು ತಂದಿಲ್ಲ, ಅದನ್ನು ಒಪ್ಪಬೇಕು. ಆಮೇಲೆ ಬಂದ ಯುದ್ಧದ ಸೂಕ್ತಗಳು ಇದನ್ನು ತೆಗೆದುಹಾಕಿದವು ಎಂದ ಹಳೆಯ ವ್ಯಾಖ್ಯಾನಕಾರರು ಇದ್ದರು. ಆದರೆ 923ರಲ್ಲಿ ತೀರಿಕೊಂಡ ತಬರಿ, ಎಲ್ಲ ಅಭಿಪ್ರಾಯಗಳನ್ನೂ ಮುಂದಿಟ್ಟುಕೊಂಡು ಈ ರದ್ದಿನ ವಾದವನ್ನು ತಳ್ಳಿಹಾಕಿದರು. ಎರಡು ಆಜ್ಞೆಗಳು ಒಟ್ಟಿಗೆ ನಿಲ್ಲಲಾರವು ಎಂದಾಗ ಮಾತ್ರ ಒಂದು ಇನ್ನೊಂದನ್ನು ರದ್ದು ಮಾಡುತ್ತದೆ, ಇಲ್ಲಿ ಹಾಗಿಲ್ಲ ಎಂಬುದು ಅವರ ವಾದ. ಅವರ ಉದಾರತೆಗೂ ಗಡಿ ಇತ್ತು. ಯಹೂದಿ, ಕ್ರೈಸ್ತರಂತೆ ಜಿಜಿಯಾ ಕೊಟ್ಟು ಬಾಳಬಹುದಾದವರಿಗೆ ಮಾತ್ರ ಈ ರಕ್ಷಣೆ. ಅರಬರ ವಿಗ್ರಹಾರಾಧಕರಿಗೆ ಅಲ್ಲ, ಇಸ್ಲಾಂ ತೊರೆದವರಿಗೂ ಅಲ್ಲ. ಬ್ಯಾನರ್ ಬರೆಸುವವರು ಈ ಗಡಿಯನ್ನು ಮರೆಮಾಚುತ್ತಾರೆ. ಇಪ್ಪತ್ತನೇ ಶತಮಾನದಲ್ಲಿ ಟ್ಯುನಿಸ್‌ನ ಇಬ್ನ್ ಆಶೂರ್ ಲೆಕ್ಕವನ್ನೇ ತಿರುಗಿಸಿದರು: ಈ ಸೂಕ್ತವೇ ನಂತರದ್ದು, ಮತಕ್ಕಾಗಿ ಹೋರಾಡುವ ಆಜ್ಞೆಯನ್ನು ಇದೇ ರದ್ದು ಮಾಡುತ್ತದೆ ಎಂದರು. ಒಂದೇ ಸಾಲು, ಒಂದೇ ಪರಂಪರೆ. ‘ಇಸ್ಲಾಂ ಹೀಗೇ ಹೇಳುತ್ತದೆ’ ಎಂದು ವೇದಿಕೆಯಿಂದ ಗುಡುಗುವವರು ಇವರಲ್ಲಿ ಯಾರನ್ನು ಓದಿದ್ದಾರೆ?

2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ತೀರ್ಪು ಕೊಟ್ಟಿತು. ತೀರ್ಪಿನಲ್ಲಿ ಅಬ್ದುಲ್ಲಾ ಯೂಸುಫ್ ಅಲಿಯವರ ಅನುವಾದದಿಂದ ಇದೇ ಸೂಕ್ತವೂ, ಅದಕ್ಕೆ ಅವರು ಬರೆದ ಟಿಪ್ಪಣಿಯೂ ಬಂದಿವೆ. ನಂಬಿಕೆ ಮನಸ್ಸಿನದು, ಬಲದಿಂದ ಹುಟ್ಟುವುದಿಲ್ಲ ಎಂಬ ಆ ಟಿಪ್ಪಣಿ ಒಳ್ಳೆಯದೇ. ಆದರೆ ಅದರಲ್ಲಿ ಹರಕೆಯ ಮಕ್ಕಳಿಲ್ಲ. ಹಳೆಯ ವ್ಯಾಖ್ಯಾನಕಾರರು ಈ ಸೂಕ್ತವನ್ನು ಓದಿದ್ದು ಮುಖ್ಯವಾಗಿ ಧರ್ಮಕ್ಕೆ ಸೇರಿಸಿಕೊಳ್ಳುವ ಬಲವಂತದ ಬಗ್ಗೆ. ಧರ್ಮದ ಒಳಗಿನ ಉಡುಗೆಯ ವ್ಯಾಜ್ಯಕ್ಕೆ ಅದನ್ನು ತರುವುದಾದರೆ, ತರಬೇಕಾದದ್ದು ಇಡೀ ಪ್ರಸಂಗವನ್ನು. ಮದೀನಾದಲ್ಲಿ ಒತ್ತಾಯಕ್ಕೆ ಹೊರಟವರು ಮಕ್ಕಳ ಮೇಲೆ ಅಧಿಕಾರ ಇದ್ದವರು. ಅವರಿಗೆ ಸಿಕ್ಕ ಉತ್ತರ, ಮಕ್ಕಳನ್ನೇ ಕೇಳಿ ಎಂಬುದು. ಉಡುಪಿಯ ಹುಡುಗಿಯರ ಮೇಲೆ ಮನೆಯ ಅಧಿಕಾರವೂ ಇತ್ತು, ಕಾಲೇಜಿನ ಗೇಟಿನ ಅಧಿಕಾರವೂ ಇತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ ಈ ಸೂಕ್ತವನ್ನು ಎತ್ತಿಕೊಂಡದ್ದು ಅರ್ಧ ಓದು ಎಂಬುದು ಪತ್ರಿಕೆಯ ನಿಲುವು.

2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್ ಒಡೆದ ತೀರ್ಪು ಕೊಟ್ಟಿತು. ಹೈಕೋರ್ಟಿನ ತೀರ್ಪನ್ನು ನ್ಯಾಯಮೂರ್ತಿ ಹೇಮಂತ್ ಗುಪ್ತಾ ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ, ಅತ್ಯಗತ್ಯ ಆಚರಣೆಯ ಚರ್ಚೆಯೇ ಇಲ್ಲಿ ಬೇಕಿಲ್ಲ, ಇದು ಹುಡುಗಿಯ ಆಯ್ಕೆಯ ಮಾತು ಎಂದರು. ಧೂಲಿಯಾ ತಮ್ಮ ದಾರಿಯಲ್ಲಿ ತಲುಪಿದ್ದು ಸಯೀದ್ ಇಬ್ನ್ ಜುಬೈರರ ನಿರೂಪಣೆ ನಿಲ್ಲುವ ಜಾಗಕ್ಕೇ.

ಈ ಸಂಚಿಕೆಯ ವಿಷಯ ‘ಹರಕೆ’. ಲೇಖನಗಳು ಮುಂದಿನ ಪುಟಗಳಲ್ಲಿವೆ.