ಶೀರ್ಷಿಕೆಯ ನೆನಪು, ಕೃತಿಯ ಜಾತಿ

ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಆತ್ಮಕಥೆ. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ‘ಅಣ್ಣನ ನೆನಪು’ ಸ್ಮೃತಿಚಿತ್ರ. ಎರಡರ ಶೀರ್ಷಿಕೆಯಲ್ಲೂ ನೆನಪು ಇರುವುದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇವನ್ನು ಒಂದೇ ಜಾತಿಗೆ ಸೇರಿಸಿಬಿಡುವುದುಂಟು. ಬರೆಯುವವರು ಯಾರ ಬಾಳನ್ನು ಹೇಳುತ್ತಿದ್ದಾರೆ, ಅದು ಅವರಿಗೆ ಹೇಗೆ ತಿಳಿಯಿತು ಎಂಬೆರಡು ಪ್ರಶ್ನೆಗಳನ್ನು ಕೇಳಿದರೆ ಗೊಂದಲ ಬಹುಮಟ್ಟಿಗೆ ಕಳೆಯುತ್ತದೆ.

ಆತ್ಮಕಥೆಯಲ್ಲಿ ಹೇಳುವವನೂ ಬಾಳಿದವನೂ ಒಬ್ಬನೇ. ಆದರೂ ಅಲ್ಲಿ ಎರಡು ವಯಸ್ಸುಗಳಿರುತ್ತವೆ: ಅನುಭವಿಸಿದ ಬಾಲಕನದೊಂದು, ಅದಕ್ಕೆ ಅರ್ಥ ಹಚ್ಚುವ ಹಿರಿಯನದೊಂದು. ‘ಅಣ್ಣನ ನೆನಪು’ ಹಾಗಲ್ಲ. ತೇಜಸ್ವಿ ಹುಟ್ಟಿದ್ದು 1938ರಲ್ಲಿ. ಅದಕ್ಕೆ ಹಿಂದಿನ ಕುವೆಂಪು ಅವರ ಕಣ್ಣಿಗೆ ಬಿದ್ದವರಲ್ಲ. ತಂದೆಯ ಜನನದಿಂದ ಮರಣದವರೆಗಿನ ಕ್ರಮವಾದ ವೃತ್ತಾಂತವನ್ನು ಅಲ್ಲಿ ಹುಡುಕುವುದು ವ್ಯರ್ಥ. ಮನೆಯೊಳಗೆ ಮಗ ಕಂಡದ್ದಷ್ಟೇ ಅದರ ವ್ಯಾಪ್ತಿ. ಬಿಟ್ಟುಹೋದದ್ದು ಅಲ್ಲಿ ದೋಷವಲ್ಲ. ಅಣ್ಣನನ್ನು ಹೇಳುತ್ತ ತೇಜಸ್ವಿ ತಮ್ಮನ್ನೂ ಹೇಳಿಕೊಳ್ಳುತ್ತಾರೆಂಬುದು ನಿಜ. ಗಡಿಗೆರೆ ಎಲ್ಲೆಡೆ ಸ್ಪಷ್ಟವಾಗಿರುವುದಿಲ್ಲ.

ಜೀವನಚರಿತ್ರೆಗೆ ಕುವೆಂಪು ಅವರದೇ ‘ಸ್ವಾಮಿ ವಿವೇಕಾನಂದ’ವನ್ನು ನೋಡಬಹುದು. ವಿವೇಕಾನಂದರು ತೀರಿಕೊಂಡದ್ದು 1902ರಲ್ಲಿ, ಕುವೆಂಪು ಹುಟ್ಟಿದ್ದು 1904ರಲ್ಲಿ. ಅದರ ಒಂದು ಪ್ರಸಂಗವೂ ಲೇಖಕರ ಸ್ವಂತ ನೆನಪಿನಿಂದ ಬಂದಿರಲಾರದು. ಆದುದರಿಂದ ಜೀವನಚರಿತ್ರೆಯ ಓದುಗ ಪುಟಪುಟಕ್ಕೂ ಆಧಾರವೇನೆಂದು ಕೇಳಬೇಕು.

ಓದಿನ ಯೋಜನೆಗಳಲ್ಲಿ ಕಾಣುವ ದೊಡ್ಡ ಕೊರತೆಯೆಂದರೆ, ಯಾವ ಕೃತಿಯನ್ನು ಆರಿಸಿದರೂ ಕೊನೆಗೆ ಒಪ್ಪಿಸುವುದು ಜನನ, ವಿದ್ಯಾಭ್ಯಾಸ, ಕೃತಿಗಳು, ಪ್ರಶಸ್ತಿಗಳೆಂಬ ಒಂದೇ ಅಚ್ಚಿನ ಬರಹ. ಅದಕ್ಕೆ ಇಡೀ ಪುಸ್ತಕವನ್ನು ಓದಬೇಕಾಗಿಯೇ ಇಲ್ಲ.

ಕಾಸರಗೋಡಿನ ವಿದ್ಯಾರ್ಥಿಗೆ ಕಯ್ಯಾರ ಕಿಞ್ಞಣ್ಣ ರೈಯವರ ಆತ್ಮಕಥೆ ‘ದುಡಿತವೇ ನನ್ನ ದೇವರು’ ಒಳ್ಳೆಯ ಆಯ್ಕೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದನ್ನು ಕರ್ನಾಟಕದೊಂದಿಗೆ ವಿಲೀನಗೊಳಿಸಬೇಕೆಂಬ ಹೋರಾಟದಲ್ಲಿ ಕಯ್ಯಾರರು ಮುಂದೆ ನಿಂತವರು. ಹೋರಾಟಗಾರನ ಮಾತನ್ನು ಆ ಕಾಲದ ಸಮಗ್ರ ಇತಿಹಾಸವೆಂದು ಕೊಳ್ಳುವುದು ತಪ್ಪು. ಪಕ್ಷಪಾತವೆಂದು ಬದಿಗಿಡುವುದು ಇನ್ನೂ ದೊಡ್ಡ ತಪ್ಪು. ಅದು ಒಳಗಿದ್ದವನ ಸಾಕ್ಷ್ಯ, ಸಾಕ್ಷ್ಯವೆಂದೇ ಅದನ್ನು ಓದಬೇಕು. ಟಿಪ್ಪಣಿ ಪುಸ್ತಕದಲ್ಲಿ ಮೂರು ಅಂಕಣಗಳನ್ನು ಎಳೆದು, ಲೇಖಕರು ಸ್ವತಃ ಕಂಡದ್ದು, ಇತರರಿಂದ ಕೇಳಿದ್ದು, ಬರೆಯುವಾಗ ತಳೆದ ಅಭಿಪ್ರಾಯ ಇವನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳಬಹುದು. ಬಳಿಕ ಒಂದೇ ಒಂದು ಘಟನೆಯನ್ನು ಆರಿಸಿ ಅಂದಿನ ಪತ್ರಿಕೆಯೊಂದಿಗೋ ಊರ ಹಿರಿಯರ ಮಾತಿನೊಂದಿಗೋ ಹೋಲಿಸಿದರೆ ಯೋಜನೆಗೆ ಬೇಕಾದ ಪ್ರಶ್ನೆ ಸಿಗುತ್ತದೆ. ಅಂಥ ಎರಡನೆಯ ಆಧಾರ ಕೈಗೆಟುಕದವರು ‘ಅಣ್ಣನ ನೆನಪು’ವಿನಂಥ ಸ್ಮೃತಿಚಿತ್ರವನ್ನು ಹಿಡಿಯುವುದು ಲೇಸು, ಮಗ ಏನನ್ನು ಕಂಡ, ಏಕೆ ಅದನ್ನೇ ನೆನೆದ ಎಂಬ ಪ್ರಶ್ನೆಗೆ ಉತ್ತರ ಪುಸ್ತಕದೊಳಗೇ ಇರುತ್ತದೆ.